ಬೈಪಾಸ್ ಪ್ರೋಟೀನೂ ಹಾಕಿದೆ, ಬೈಪಾಸ್ ಫ್ಯಾಟೂ ಹಾಕಿದೆ, ಹಸು ಮಾತ್ರ ಬಡಕಲಾಗ್ತಾ ಇದೆ

ಕೊಟ್ಟಿಗೆ ಕಿಟ್ಟಿ
ಎಲ್ಲರಿಗೂ ನಮಸ್ಕಾರ. ನಾಲ್ಕು ಹಸು ಇವೆ, ತಲೆನೋವು ಒಂದರದ್ದೇ. ಎಚ್‌ಎಫ್ ಕ್ರಾಸ್, ಮೂರನೇ ಸೂಲು, ಕರು ಹಾಕಿ ಇವತ್ತಿಗೆ 38 ದಿನ. ತೂಕ ಅಂದಾಜು 450 ಕೆಜಿ.

ಹತ್ತನೇ ದಿನಕ್ಕೆ 22 ಲೀಟರ್ ಕೊಡ್ತಿತ್ತು. ಆಗ ಕಡಲೆಕಾಯಿ ಹಿಂಡಿ ಬಿಡಿಸಿ ಬೈಪಾಸ್ ಸೋಯಾ ಹಿಂಡಿ ಒಂದೂವರೆ ಕೆಜಿ ಶುರು ಮಾಡಿದೆ. ಒಂದೇ ವಾರಕ್ಕೆ 24 ದಾಟಿತು. ನನಗೆ ನೆಲದ ಮೇಲೆ ಕಾಲಿರಲಿಲ್ಲ. ಆದರೆ 25ನೇ ದಿನದ ಹೊತ್ತಿಗೆ ಪಕ್ಕೆಲುಬು ಎಣಿಸೋ ಹಾಗಾಯ್ತು. ಬೈಪಾಸ್ ಫ್ಯಾಟ್ ಹಾಕು ಅಂದರು, ಅದೂ 200 ಗ್ರಾಂ ಹಾಕಿದೆ. ಈಗ ಹಾಲು ಅಷ್ಟೇ ಇದೆ, ಡಿಗ್ರಿ 3.2ಕ್ಕೆ ಬಿದ್ದಿದೆ, ಗೋದಲಿಯಲ್ಲಿ ಫೀಡ್ ಉಳಿಸ್ತಾ ಇದೆ. ಕೊಬ್ಬು ತಿನ್ನಿಸಿದರೆ ಹಾಲಿನ ಕೊಬ್ಬು ಇಳಿಯುತ್ತಾ? ಎರಡರಲ್ಲಿ ಯಾವುದನ್ನ ನಿಲ್ಲಿಸಲಿ?

ಮೇವುಗಾರ
ಎರಡನ್ನೂ ನಿಲ್ಸಿ ಗುರು. ಚೀಲದ ಮೇಲೆ ಬೈಪಾಸ್ ಅಂತ ಅಚ್ಚು ಹಾಕಿದ ತಕ್ಷಣ ರೇಟು ಎರಡು ಪಟ್ಟು. 200 ಗ್ರಾಂ ಕೊಬ್ಬೇ ಬೇಕು ಅಂದರೆ ಕಡಲೆಕಾಯಿ ಎಣ್ಣೆ 200 ಎಂಎಲ್ ಫೀಡಿಗೆ ಕಲಸಿ ಕೊಡಿ. ಕೊಬ್ಬು ಕೊಬ್ಬೇ ತಾನೇ.

ಎಮ್ಮೆ ಪ್ರೀತಿ
ನಮ್ಮ ಎಮ್ಮೆ 7 ಲೀಟರ್ ಕೊಡುತ್ತೆ, ಕರು ಹಾಕಿ ಆರು ತಿಂಗಳು. ಇದಕ್ಕೂ ಹಾಕಬಹುದಾ? ಡಿಗ್ರಿ ಜಾಸ್ತಿ ಬರುತ್ತೆ ಅಂತಾರೆ.

ನಾಲ್ಕು ಹೊಟ್ಟೆ
ಕಿಟ್ಟಿ ಅವರೇ, ಯಾವುದನ್ನ ನಿಲ್ಲಿಸೋದು ಅಂತ ಆಮೇಲೆ ನೋಡೋಣ. ಮೊದಲು ಮೂರು ವಿಷಯ ಹೇಳಿ. ದಿನಕ್ಕೆ ಫೀಡ್, ಹಸಿಮೇವು, ಒಣಮೇವು ಎಷ್ಟೆಷ್ಟು ಮತ್ತು ಎಷ್ಟು ಸಲ? ಸಗಣಿ ಹೇಗಿದೆ? ಮಲಗಿದಾಗ ಮೆಲುಕು ಹಾಕ್ತಾ ಇದೆಯಾ?

ಕೊಟ್ಟಿಗೆ ಕಿಟ್ಟಿ
ಫೀಡು, ಮೆಕ್ಕೆಜೋಳದ ನುಚ್ಚು, ಬೈಪಾಸ್ ಹಿಂಡಿ ಎಲ್ಲ ಸೇರಿ 10 ಕೆಜಿ, ಬೆಳಿಗ್ಗೆ 5 ಸಂಜೆ 5. ಹಸಿಮೇವು 15 ಕೆಜಿ, ಒಣಹುಲ್ಲು 2 ಕೆಜಿ. ಹೊಟ್ಟೆಯಲ್ಲಿ ಜಾಗ ಫೀಡಿಗೇ ಇರಲಿ ಅಂತ ಹುಲ್ಲು ಕಮ್ಮಿ ಮಾಡಿದ್ದೆ.

ಸಗಣಿ ತೆಳ್ಳಗಿದೆ ಸರ್, ಪಾಯಸದ ಹಾಗೆ ಹರಡಿಕೊಳ್ಳುತ್ತೆ, ಮೇಲೆ ಸಣ್ಣ ಗುಳ್ಳೆ. ಇವತ್ತು ಕಡ್ಡಿಯಲ್ಲಿ ಕೆದಕಿ ನೋಡಿದೆ, ಜೋಳದ ನುಚ್ಚು ಹಾಗ್ಹಾಗೇ ಬಂದಿದೆ. ಮೆಲುಕು ಅಂತೀರಾ, ಉಳಿದ ಮೂರು ಹಸು ಮಲಗಿ ಮೆಲುಕು ಹಾಕುವಾಗ ಇದು ಸುಮ್ಮನೆ ನಿಂತಿರುತ್ತೆ.

ನಾಲ್ಕು ಹೊಟ್ಟೆ
ಅಲ್ಲಿಗೆ ಅರ್ಧ ಉತ್ತರ ನೀವೇ ಹೇಳಿದಿರಿ.

ಮೊದಲು ಆ ಎರಡು ಲೀಟರ್ ಎಲ್ಲಿಂದ ಬಂತು ಅಂತ ನೋಡೋಣ. ಕಡಲೆಕಾಯಿ ಹಿಂಡಿಯ ಪ್ರೋಟೀನಿನಲ್ಲಿ ಹೆಚ್ಚಿನ ಪಾಲನ್ನು ದೊಡ್ಡ ಹೊಟ್ಟೆಯ ಸೂಕ್ಷ್ಮಾಣುಗಳೇ ಒಡೆದು ಅಮೋನಿಯಾ ಮಾಡ್ತವೆ. ಅದರಲ್ಲಿ ತಮಗೆ ಬೇಕಾದಷ್ಟು ತೆಗೆದುಕೊಂಡು ಮೈ ಬೆಳೆಸಿಕೊಳ್ತವೆ, ಆ ಸೂಕ್ಷ್ಮಾಣುಗಳೇ ಮುಂದೆ ಹಸುವಿಗೆ ಪ್ರೋಟೀನ್. ಮಿಕ್ಕ ಅಮೋನಿಯಾ ಯೂರಿಯಾ ಆಗಿ ಗಂಜಲದಲ್ಲಿ ಹೋಗುತ್ತೆ. ಹತ್ತು ಹನ್ನೆರಡು ಲೀಟರ್ ಹಸುವಿಗೆ ಈ ಸೂಕ್ಷ್ಮಾಣುಗಳ ಪ್ರೋಟೀನೇ ಬಹುಪಾಲು ಸಾಕು. 24 ಲೀಟರಿಗೆ ಸಾಲದು, ದೊಡ್ಡ ಹೊಟ್ಟೆ ತಪ್ಪಿಸಿಕೊಂಡು ಮುಂದೆ ಹೋಗೋ ಪ್ರೋಟೀನೂ ಬೇಕು. ನಿಮ್ಮ ಹಸುವಿಗೆ ಅದು ಸಿಕ್ಕ ಕೂಡಲೇ ಕೆಚ್ಚಲು ಎರಡು ಲೀಟರ್ ಜಾಸ್ತಿ ಮಾಡಿತು. ಬೈಪಾಸ್ ಹಿಂಡಿ ಕೆಲಸ ಮಾಡಿದೆ, ಅದರಲ್ಲಿ ಮೋಸವಿಲ್ಲ.

ಆದರೆ ಆ ಎರಡು ಲೀಟರಿಗೆ ಬೇಕಾದ ಶಕ್ತಿ ಹಿಂಡಿಯಲ್ಲಿ ಇರಲಿಲ್ಲ, ಹಸುವಿನ ಬೆನ್ನಿನ ಮೇಲಿತ್ತು. ಕರು ಹಾಕಿದ ಹೊಸದರಲ್ಲಿ ಪ್ರೋಟೀನ್ ಏರಿಸಿ ಶಕ್ತಿ ಏರಿಸದಿದ್ದರೆ ಹಸು ತನ್ನ ಮೈಕೊಬ್ಬು ಕರಗಿಸಿ ಹಾಲು ಕೊಡುತ್ತೆ. ಪಕ್ಕೆಲುಬು ಕಂಡಿದ್ದು ಅದಕ್ಕೇ.

ಮೇವುಗಾರ
ಅದಕ್ಕೇ ಕೊಬ್ಬು ಹಾಕಿದರಲ್ಲ ಅವರು. ಆಮೇಲೂ ಯಾಕೆ ಇಳೀತು ಹೇಳಿ ನೋಡೋಣ?

ನಾಲ್ಕು ಹೊಟ್ಟೆ
ಬರ್ತಿದ್ದೀನಿ ಅಣ್ಣ, ಹಾಲು ಕರೆದು ಬಂದು ಬರೀತೀನಿ.

ಡಾಕ್ಟರಮ್ಮ
ಅಷ್ಟರಲ್ಲಿ ನಾನೊಂದು ಮಾತು. ಮೇವುಗಾರ ಅವರೇ, ಬರಿ ಎಣ್ಣೆ ಬೇಡ. ಬಿಡಿ ಎಣ್ಣೆ ನಾರಿನ ಮೇಲೆ ಪದರ ಕಟ್ಟುತ್ತೆ, ನಾರು ಜೀರ್ಣಿಸೋ ಬ್ಯಾಕ್ಟೀರಿಯಾಗಳಿಗೂ ಅದು ಆಗಿಬರಲ್ಲ. ನಾರು ಜೀರ್ಣವಾಗದಿದ್ದರೆ ಡಿಗ್ರಿ ಇನ್ನೂ ಬೀಳುತ್ತೆ. ತಿನ್ನೋ ಒಟ್ಟು ಒಣಪದಾರ್ಥದಲ್ಲಿ ಎಲ್ಲ ಬಗೆಯ ಕೊಬ್ಬೂ ಸೇರಿ ಶೇ 6-7 ದಾಟಬಾರದು, ಅದರಲ್ಲೂ ಬಿಡಿ ಎಣ್ಣೆಗೆ ಇರೋ ಜಾಗ ಇನ್ನೂ ಚಿಕ್ಕದು. ಹಿಂಡಿ, ಜೋಳ, ಹತ್ತಿಕಾಳಿನಲ್ಲೇ ಸಾಕಷ್ಟು ಬಂದಿರುತ್ತೆ.

ಎಮ್ಮೆ ಪ್ರೀತಿ ಅವರೇ, 7 ಲೀಟರಿಗೆ, ಅದೂ ಆರು ತಿಂಗಳ ಕರಾವಿಗೆ, ಎರಡೂ ಬೇಡ. ಹಾಕಿದ್ದು ಹಾಲಿಗಿಂತ ಮೈಗೆ ಜಾಸ್ತಿ ಹೋಗುತ್ತೆ.

ಎಮ್ಮೆ ಪ್ರೀತಿ
ಸರಿ ಮೇಡಂ. ಒಂದು ಚೀಲ ಆಗಲೇ ತಂದಿಟ್ಟಿದ್ದೀನಿ 🙁

ಡಾಕ್ಟರಮ್ಮ
ಗಾಳಿಯಾಡದ ಹಾಗೆ ಬಾಯಿ ಕಟ್ಟಿಡಿ. ಮುಂದಿನ ಸೂಲಿಗೆ ಒಳ್ಳೆ ಹಾಲು ಬಂದರೆ ಕಿಟ್ಟಿ ಅವರ ಹಾಗೆ ಒದ್ದಾಡೋ ಬದಲು ಇಲ್ಲಿ ಕೇಳಿ ಹಾಕಿ. ಅಷ್ಟರೊಳಗೆ ಕಮಟು ವಾಸನೆ ಬಂದರೆ ಬಿಸಾಕಿ.

ನಾಲ್ಕು ಹೊಟ್ಟೆ
ಬಂದೆ. ಬಾಯಿಲೆಕ್ಕ ಮಾಡೋಣ, ಕ್ಯಾಲೊರಿ ಬೇಡ, ಎಲ್ಲವನ್ನೂ 4 ಡಿಗ್ರಿ ಹಾಲಿನ ಲೀಟರಿನಲ್ಲೇ ಅಳೆಯೋಣ. 450 ಕೆಜಿ ಹಸು ಸುಮ್ಮನೆ ಬದುಕಿರಲಿಕ್ಕೆ 10-11 ಲೀಟರ್ ಹಾಲಿಗೆ ಬೇಕಾದಷ್ಟು ಶಕ್ತಿ ಬೇಕು. ಮೇಲೆ 24 ಲೀಟರ್ ಹಾಲು. ಒಟ್ಟು 35 ಲೀಟರಿನಷ್ಟು ಖರ್ಚು.

ಆದಾಯ ಎಷ್ಟು? ಒಳ್ಳೆಯ ಮೇವು ಮತ್ತು ಫೀಡಿನ ಮಿಶ್ರಣವಾದರೆ ಒಂದು ಕೆಜಿ ಒಣಪದಾರ್ಥ ಸುಮಾರು 2 ಲೀಟರಿನಷ್ಟು ಶಕ್ತಿ ಕೊಡುತ್ತೆ. ನೀವು ಹಾಕ್ತಿರೋದು 10 ಕೆಜಿ ಫೀಡು, ನೀರು ಕಳೆದರೆ 9. ಹಸಿಮೇವು 15 ಕೆಜಿಯಲ್ಲಿ ಒಣಪದಾರ್ಥ 3. ಹುಲ್ಲಿನಲ್ಲಿ ಎರಡಕ್ಕಿಂತ ಕಮ್ಮಿ. ಎಲ್ಲ ತಿಂದರೂ 14 ಕೆಜಿ, ಅಂದರೆ 28 ಲೀಟರ್. ಬಾಕಿ 6-7 ಲೀಟರ್ ದಿನಾ ಬೆನ್ನಿನಿಂದ ಹೋಗ್ತಾ ಇದೆ. ಮೈತೂಕದ ಲೆಕ್ಕದಲ್ಲಿ ದಿನಕ್ಕೆ ಹತ್ತಿರಹತ್ತಿರ ಒಂದು ಕೆಜಿ.

ಈಗ 200 ಗ್ರಾಂ ಬೈಪಾಸ್ ಫ್ಯಾಟ್ ಎಷ್ಟು ತುಂಬುತ್ತೆ? ಪೂರ್ತಿ ಜೀರ್ಣವಾದರೂ ಒಂದೂವರೆ ಲೀಟರಿನಷ್ಟು. ಅದರ ವಾಸನೆ ಹಿಡಿಸದೆ ಹಸು ಒಂದು ಕೆಜಿ ಫೀಡ್ ಬಿಟ್ಟರೆ ಎರಡು ಲೀಟರ್ ಹೋಯ್ತು. ಒಂದೂವರೆ ಕೊಟ್ಟು ಎರಡು ಕಿತ್ತುಕೊಂಡ ಹಾಗೆ.

ಲೆಕ್ಕದ ಪುಸ್ತಕ
ನಿಲ್ಲಿ ಸರ್, ನಿಮ್ಮ 35 ಜಾಸ್ತಿಯಾಯ್ತು. 3.2 ಡಿಗ್ರಿಯ ಹಾಲಿಗೆ 4 ಡಿಗ್ರಿ ಹಾಲಿನಷ್ಟು ಶಕ್ತಿ ಬೇಡ. ಬಾಕಿ ಐದರ ಹತ್ತಿರ ಬರಬೇಕು.

ನಾಲ್ಕು ಹೊಟ್ಟೆ
ಸರಿ, ಒಪ್ಪಿದೆ. ಆದರೆ ಅದೇ ಕೈಗೆ ಇದನ್ನೂ ಕಳೆಯಿರಿ: ಸಗಣಿಯಲ್ಲಿ ನುಚ್ಚು ಹಾಗೇ ಬರೋ ಹಸುವಿಗೆ ಕೆಜಿಗೆ 2 ಲೀಟರ್ ಸಿಗಲ್ಲ. ಹೋಗಲಿ, ಐದೋ ಏಳೋ, ಕೊಬ್ಬಿನ ಒಂದೂವರೆಯಿಂದ ಮುಚ್ಚೋ ಗುಂಡಿಯಲ್ಲ ಅದು.

ಲೆಕ್ಕದ ಪುಸ್ತಕ
ಅದಕ್ಕೆ ತಕರಾರಿಲ್ಲ.

ಗುಡ್ಡದ ಗೌಡ
ಡಿಗ್ರಿ ಯಾಕೆ ಬಿತ್ತು ಅಂತ ಇನ್ನೂ ಯಾರೂ ಹೇಳಿಲ್ಲ. ನಾನೂ ಬೈಪಾಸ್ ಫ್ಯಾಟ್ ಹಾಕ್ತೀನಿ, ನನಗೆ ಡಿಗ್ರಿ ಏರಿದೆ.

ನಾಲ್ಕು ಹೊಟ್ಟೆ
ಗೌಡರೇ, ನಿಮ್ಮ ಹಸು ಹುಲ್ಲು ಚೆನ್ನಾಗಿ ತಿನ್ನುತ್ತೆ ಅಂತ ಪಂದ್ಯ ಕಟ್ತೀನಿ.

ಪುಡಿ ಪುಡಿಯಾಗಿ ಬರೋ ಬೈಪಾಸ್ ಫ್ಯಾಟ್ ಅಂದರೆ ಹೆಚ್ಚಾಗಿ ಕೊಬ್ಬಿನಾಮ್ಲಕ್ಕೆ ಸುಣ್ಣ ಕಟ್ಟಿದ ಒಂಥರಾ ಸೋಪು. ದೊಡ್ಡ ಹೊಟ್ಟೆ ಆರೋಗ್ಯವಾಗಿದ್ದರೆ, ಪಿಎಚ್ 6ರ ಮೇಲಿದ್ದರೆ, ಆ ಗಂಟು ಬಿಚ್ಚಲ್ಲ. ನಾಲ್ಕನೇ ಹೊಟ್ಟೆಯ ಗಟ್ಟಿ ಹುಳಿಗೆ ಬಂದಾಗ ಬಿಚ್ಚಿ, ಕರುಳಿನಲ್ಲಿ ಜೀರ್ಣವಾಗುತ್ತೆ. ಬೈಪಾಸ್ ಅನ್ನೋದರ ಗುಟ್ಟು ಇಷ್ಟೇ.

ಕಿಟ್ಟಿ ಅವರ ಹಸುವಿಗೆ ಒಂದೇ ಸಲಕ್ಕೆ 5 ಕೆಜಿ ಫೀಡು ಬೀಳುತ್ತೆ, ಮೆಲುಕಿಗೆ ಹುಲ್ಲಿಲ್ಲ, ಮೆಲುಕಿಲ್ಲದೆ ಜೊಲ್ಲಿಲ್ಲ, ಹುಳಿ ಮುರಿಯೋ ಸೋಡಾ ಬರೋದೇ ಜೊಲ್ಲಿನಲ್ಲಿ. ದೊಡ್ಡ ಹೊಟ್ಟೆಯೇ ಹುಳಿಯಾಗಿ ಸೋಪಿನ ಗಂಟು ಅಲ್ಲೇ ಬಿಚ್ಚಿಕೊಳ್ತಾ ಇದೆ. ಪಿಎಚ್ 5.5ರ ಆಸುಪಾಸಿಗೆ ಇಳಿದರಂತೂ ಬೈಪಾಸ್ ಅನ್ನೋ ಹೆಸರು ಚೀಲದ ಮೇಲಷ್ಟೇ. ಮೇವುಗಾರರು ಹೇಳಿದ ಎಣ್ಣೆಯನ್ನೇ ದುಬಾರಿ ರೇಟಿಗೆ ಕೊಂಡು ಹಾಕಿದಂಗಾಯ್ತು. ಹುಳಿಗೆ ಒಂದಿಷ್ಟು ಡಿಗ್ರಿ ಬಿದ್ದಿತ್ತು, ಬಿಚ್ಚಿದ ಎಣ್ಣೆಗೆ ಇನ್ನಷ್ಟು ಬಿತ್ತು.

ಮೇವುಗಾರ
ನೋಡಿದ್ರಾ, ಎರಡೂ ಒಂದೇ ಅಂತ ನಾನು ಮೊದಲೇ ಹೇಳಿದ್ದೆ 😄

ಗುಡ್ಡದ ಗೌಡ
ಪಂದ್ಯ ಗೆದ್ದಿರಿ ಸರ್, ನಮ್ಮಲ್ಲಿ ಹುಲ್ಲು ಯಾವಾಗಲೂ ಗೋದಲಿ ತುಂಬಾ ಇರುತ್ತೆ. ಆದರೆ ಕಾಳಿನ ಹಾಗೆ ಗಟ್ಟಿ ಇರೋ ಫ್ಯಾಟೂ ಬರುತ್ತಲ್ಲ, ಅದಕ್ಕೆ ಪಿಎಚ್ ಗೊಡವೆ ಇಲ್ಲ ಅಂತಾರೆ.

ನಾಲ್ಕು ಹೊಟ್ಟೆ
ಹೌದು, ಅದು ಸುಣ್ಣ ಕಟ್ಟಿದ್ದಲ್ಲ. ಹಸುವಿನ ಮೈಬಿಸಿಗೆ ಕರಗದ ಗಟ್ಟಿ ಕೊಬ್ಬು, ಹುಳಿಗೆ ಬಿಚ್ಚಲ್ಲ. ಸೋಪಿನ ವಾಸನೆ ಇಲ್ಲದ್ದರಿಂದ ಹಸು ಮೂಗು ಮುರಿಯೋದೂ ಕಮ್ಮಿ. ಆದರೆ ತೀರಾ ಗಟ್ಟಿಯಾದರೆ ಕರುಳಿನಲ್ಲೂ ಪೂರ್ತಿ ಜೀರ್ಣವಾಗಲ್ಲ. ಡಿಗ್ರಿ ಏರಿಸಲಿಕ್ಕೆ ಕೆಲವು ಚೆನ್ನಾಗಿರುತ್ತವೆ. ಯಾವುದು ಮೇಲು ಅಂತ ಕೇಳಿದರೆ, ಕೊಟ್ಟಿಗೆ ನೋಡಿ ಹೇಳಬೇಕು.

ಹೊಸ ಹಟ್ಟಿ
ಬೈಪಾಸ್ ಹಿಂಡಿಗೆ ಫಾರ್ಮಾಲಿನ್ ಹಾಕ್ತಾರಂತಲ್ಲ? ಹೆಣ ಕೆಡದ ಹಾಗೆ ಇಡೋಕೆ ಬಳಸೋದು ಅದನ್ನೇ ಅಲ್ವಾ? ಅದನ್ನ ಹಸುವಿಗೆ ತಿನ್ನಿಸಿ ಆ ಹಾಲನ್ನ ನಾವು ಕುಡಿಯೋದಾ?

ಡಾಕ್ಟರಮ್ಮ
ಎಲ್ಲದಕ್ಕೂ ಅದನ್ನೇ ಹಾಕಲ್ಲ, ಸೋಯಾವನ್ನ ಬಿಸಿ ಕೊಟ್ಟು ಮಾಡೋದೂ ಇದೆ. ಫಾರ್ಮಾಲಿನ್ ಹಾಕೋದಾದರೆ 100 ಗ್ರಾಂ ಪ್ರೋಟೀನಿಗೆ ಅದರಲ್ಲಿರೋ ಫಾರ್ಮಾಲ್ಡಿಹೈಡ್ ಸುಮಾರು ಒಂದು ಗ್ರಾಂ ಬರೋ ಲೆಕ್ಕದಲ್ಲಿ ಸಿಂಪಡಿಸಿ, ಗಾಳಿಯಾಡದ ಹಾಗೆ ಮುಚ್ಚಿ ಒಂದು ವಾರಕ್ಕೂ ಮೇಲೆ ಇಡ್ತಾರೆ. ಅದು ಪ್ರೋಟೀನಿಗೆ ಅಂಟಿಕೊಳ್ಳುತ್ತೆ, ಬಿಡಿಯಾಗಿ ಉಳಿಯೋದು ಬಹಳ ಕಮ್ಮಿ.

ನನಗೆ ಭಯ ಇರೋದು ಅಳತೆ ತಪ್ಪಿದಾಗ. ಜಾಸ್ತಿ ಬಿದ್ದರೆ ಅಥವಾ ಸೋಯಾ ಸುಟ್ಟು ಕಂದಾದರೆ ಆ ಪ್ರೋಟೀನ್ ದೊಡ್ಡ ಹೊಟ್ಟೆಯಲ್ಲೂ ಒಡೆಯಲ್ಲ, ಕರುಳಲ್ಲೂ ಒಡೆಯಲ್ಲ, ನೇರ ಸಗಣಿಗೆ ಹೋಗುತ್ತೆ. ಲ್ಯಾಬಿನಲ್ಲಿ ಮಾತ್ರ ಶೇ 45 ಪ್ರೋಟೀನ್ ಅಂತಲೇ ತೋರಿಸುತ್ತೆ! ದಯವಿಟ್ಟು ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ, ಆ ಹೊಗೆ ಕಣ್ಣು, ಶ್ವಾಸಕೋಶ ಎರಡಕ್ಕೂ ಕೆಟ್ಟದ್ದು.

ಹೊಸ ಹಟ್ಟಿ
ಅಂಟಿಕೊಳ್ಳುತ್ತೆ ಅಂದರೂ ನನಗೆ ಮನಸ್ಸು ಒಪ್ಪಲ್ಲ ಮೇಡಂ. ಬಿಸಿ ಮಾಡಿದ್ದೇ ತರ್ತೀನಿ.

ಗುಡ್ಡದ ಗೌಡ
ಕಿಟ್ಟಿ, ಈ ಹಸುವಿಗೆ ಕೀಟೋಸಿಸ್ ಇರಬಹುದು ನೋಡಪ್ಪ. ನನ್ನ ಹಸುವಿಗೂ ಹೀಗೇ ಆಗಿತ್ತು, ಫೀಡು ಬಿಟ್ಟು ಹುಲ್ಲು ಮಾತ್ರ ತಿಂತಿತ್ತು. ಅದಕ್ಕೆ ಬೈಪಾಸ್ ಫ್ಯಾಟೇ ಮದ್ದು, 300 ಗ್ರಾಂ ಮಾಡು.

ಡಾಕ್ಟರಮ್ಮ
ಅನುಮಾನ ಸರಿ, ಮದ್ದು ತಪ್ಪು ಗೌಡರೇ. ಕೀಟೋಸಿಸ್‌ನಲ್ಲಿ ಕಮ್ಮಿಯಾಗಿರೋದು ಸಕ್ಕರೆ. ಮೈಕೊಬ್ಬು ಕರಗಿ ಕರಗಿ ಲಿವರ್‌ಗೆ ಆಗಲೇ ಕೊಬ್ಬು ಸಾಕುಸಾಕಾಗಿದೆ. ಕೊಬ್ಬಿನಾಮ್ಲದಿಂದ ಹಸು ಸಕ್ಕರೆ ಮಾಡಿಕೊಳ್ಳಲಾರದು. ಕೀಟೋಸಿಸ್ ಬಂದ ಮೇಲೆ ಪ್ರೊಪಿಲೀನ್ ಗ್ಲೈಕಾಲ್ ಕುಡಿಸ್ತೀವಿ, ಬೇಕಾದರೆ ಗ್ಲೂಕೋಸ್ ಏರಿಸ್ತೀವಿ. ಕಿಟ್ಟಿ ಅವರು ನಾಳೆಯೇ ಗಂಜಲವನ್ನೋ ಹಾಲನ್ನೋ ಕೀಟೋನ್‌ಗೆ ಪರೀಕ್ಷೆ ಮಾಡಿಸಲಿ.

ಕೊಟ್ಟಿಗೆ ಕಿಟ್ಟಿ
ಮಾಡಿಸಿದೆ ಮೇಡಂ, ಇಲ್ಲ ಅಂದರು. ನಾಲ್ಕು ಹೊಟ್ಟೆ ಸರ್, ಈಗ ನಾನು ಮಾಡಬೇಕಾದ್ದೇನು? ಸುಲಭವಾಗಿ ಹೇಳಿಬಿಡಿ.

ನಾಲ್ಕು ಹೊಟ್ಟೆ
ಬೈಪಾಸ್ ಫ್ಯಾಟ್ ಇವತ್ತೇ ನಿಲ್ಲಿಸಿ, ಹತ್ತು ದಿನದ ಮಟ್ಟಿಗೆ. ಬೈಪಾಸ್ ಹಿಂಡಿ ಪೂರ್ತಿ ನಿಲ್ಲಿಸಬೇಡಿ, ಒಂದು ಕೆಜಿಗೆ ತನ್ನಿ. ಫೀಡು ಎಲ್ಲ ಸೇರಿ 8 ಕೆಜಿಗೆ ಇಳಿಸಿ, ನಾಲ್ಕು ಸಲ ಹಂಚಿ. ಪ್ರತಿ ಸಲವೂ ಮೊದಲು ಹುಲ್ಲು ತಿನ್ನಲಿ, ಅರ್ಧ ಗಂಟೆ ಬಿಟ್ಟು ಫೀಡು. ಹಸಿಮೇವು 25 ಕೆಜಿಗೆ, ಒಣಹುಲ್ಲು ಮೂರೂವರೆಗೆ ಏರಿಸಿ. ಹುಲ್ಲನ್ನ ಎರಡು ಮೂರು ಅಂಗುಲಕ್ಕೆ ಕತ್ತರಿಸಿ, ಹಿಟ್ಟಿನ ಹಾಗೆ ಮಾಡಬೇಡಿ, ಮೆಲುಕಿಗೆ ಏನೂ ಉಳಿಯಲ್ಲ. ಅಡುಗೆ ಸೋಡಾ 100ರಿಂದ 150 ಗ್ರಾಂ ಫೀಡಿಗೆ ಬೆರೆಸಿ.

ಎರಡು ಮೂರು ದಿನ ಹಾಲು ಇಳಿಯುತ್ತೆ. ಗಾಬರಿಯಾಗಿ ಮತ್ತೆ ಫೀಡು ಸುರಿಯಬೇಡಿ. ಸಗಣಿ ಬಟ್ಟಲಿನ ಹಾಗೆ ಗುಡ್ಡೆ ಕಟ್ಟಿ ನಿಲ್ಲಬೇಕು, ನುಚ್ಚು ಕಾಣಬಾರದು, ಮಲಗಿದಾಗ ಬಾಯಾಡಿಸಬೇಕು. ಅವು ಸರಿಹೋದ ಮೇಲೆ ಫ್ಯಾಟ್ 50 ಗ್ರಾಮಿನಿಂದ ಶುರು ಮಾಡಿ, ಮೂರು ದಿನಕ್ಕೊಮ್ಮೆ 50 ಏರಿಸಿ 150ಕ್ಕೆ ನಿಲ್ಲಿಸಿ. ಒಮ್ಮೆಲೇ 200 ಹಾಕಿದ್ದಕ್ಕೇ ಅದು ಮೂಗು ಮುರಿದಿದ್ದು.

ಲೆಕ್ಕದ ಪುಸ್ತಕ
ಎಲ್ಲ ಸರಿ, ಲಾಭದ ಮಾತೇ ಬರಲಿಲ್ಲ. ಒಂದು ಕೆಜಿ ಬೈಪಾಸ್ ಫ್ಯಾಟಿನ ಬೆಲೆ ನಾಲ್ಕು ಲೀಟರ್ ಹಾಲಿನ ಬೆಲೆ ಅಂತ ಇಟ್ಟುಕೊಳ್ಳಿ, ನಿಮ್ಮ ನಿಮ್ಮ ರೇಟಿಗೆ ಬದಲಾಯಿಸಿಕೊಳ್ಳಿ. 150 ಗ್ರಾಮಿಗೆ 600 ಎಂಎಲ್ ಹಾಲಿನ ಖರ್ಚು. ಒಳ್ಳೆ ಹಸುವಿನಲ್ಲಿ ಬರೋದು ಹೆಚ್ಚೆಂದರೆ ಒಂದು ಲೀಟರಿನ ಚೂರು ಮೇಲೆ. ಅದರ್ಧ ಮೈಗೆ ಹೋದರೆ ಆ ತಿಂಗಳು ನಷ್ಟ.

ನಾನು ಮಾಡೋದು: ಹತ್ತು ದಿನ ಹಾಕ್ತೀನಿ, ಹತ್ತು ದಿನ ಬಿಡ್ತೀನಿ, ಮತ್ತೆ ಹತ್ತು ದಿನ ಹಾಕ್ತೀನಿ. ಪ್ರತಿ ಸುತ್ತಿನ ಕೊನೆಯ ಐದು ದಿನದ ಹಾಲೂ ಡಿಗ್ರಿಯೂ ಬರೆದಿಡ್ತೀನಿ. ನಾಲ್ಕನೇ ತಿಂಗಳು ದಾಟಿದ ಹಸುವಿನಲ್ಲಿ ಒಮ್ಮೆಯೂ ಹಾಕಿದ ದುಡ್ಡು ಬಂದಿಲ್ಲ. ಬೈಪಾಸ್ ಹಿಂಡಿಯದ್ದು ಬೇರೆ, ಅದು ಬರಿ ಹೆಚ್ಚುವರಿ ಖರ್ಚಲ್ಲ, ಬೇರೆ ಹಿಂಡಿಯ ಬದಲಿಗೆ ಬರುತ್ತೆ. ಎರಡು ಹಿಂಡಿಯ ಬೆಲೆಯಲ್ಲಿರೋ ವ್ಯತ್ಯಾಸ ಮಾತ್ರ ಲೆಕ್ಕ ಹಿಡೀಬೇಕು.

ಗುಡ್ಡದ ಗೌಡ
ಬೆದೆಗೆ ಬೇಗ ಬರುತ್ತಲ್ಲ, ಅದನ್ನ ಯಾಕೆ ಲೆಕ್ಕಕ್ಕೆ ಹಿಡಿಯಲ್ಲ? ಒಂದು ಬೆದೆ ತಪ್ಪಿದರೆ 21 ದಿನ ಹೋಯ್ತು.

ಲೆಕ್ಕದ ಪುಸ್ತಕ
ಬರುತ್ತೆ ಅಂತ ಖಾತ್ರಿ ಕೊಟ್ಟರೆ ಹಿಡೀತೀನಿ.

ಡಾಕ್ಟರಮ್ಮ
ಖಾತ್ರಿ ನಾನೂ ಕೊಡಲ್ಲ. ಮೈ ಇಳಿಯೋದು ಕಮ್ಮಿಯಾದರೆ ಬೆದೆಗೆ ಬರೋ ಸಾಧ್ಯತೆ ಜಾಸ್ತಿ, ಅಷ್ಟು ನಿಜ. ಹಾಕಿದ ಎಲ್ಲ ಹಸುವಿನಲ್ಲೂ ಮೈ ನಿಲ್ಲಲ್ಲ, ಕೆಲವು ಅದನ್ನೂ ಹಾಲಿಗೇ ಸುರೀತವೆ.

ಹೊಸ ಹಟ್ಟಿ
ಚೀಲದಲ್ಲಿರೋದು ಅಸಲಿನಾ ಅಂತ ನೋಡೋದು ಹೇಗೆ? ಹಿಂದೊಮ್ಮೆ ಒಂದು ಕಡೆಯಿಂದ ತಂದಿದ್ದೆ, ಕೈಗೆಲ್ಲ ಜಿಡ್ಡು.

ನಾಲ್ಕು ಹೊಟ್ಟೆ
ಸುಣ್ಣ ಕಟ್ಟಿದ್ದಕ್ಕೆ ಮನೆಯಲ್ಲೇ ಒಂದು ಅಂದಾಜು ಸಿಗುತ್ತೆ. ಗಾಜಿನ ಲೋಟದಲ್ಲಿ ಬಿಸಿನೀರು ತೆಗೆದುಕೊಂಡು ಒಂದು ಚಮಚ ಪುಡಿ ಹಾಕಿ ಕಲಕಿ. ಅಸಲಿ ಕರಗಲ್ಲ, ಪುಡಿಯಾಗೇ ಉಳಿಯುತ್ತೆ, ನೀರಿನ ಮೇಲೆ ಎಣ್ಣೆ ಕಣ್ಣು ಕಣ್ಣಾಗಿ ತೇಲಿದರೆ ಕಟ್ಟಿಕೊಳ್ಳದ ಕೊಬ್ಬು ಇದೆ ಅಂತ. ಇನ್ನೊಂದು ಲೋಟದಲ್ಲಿ ಬಿಸಿ ವಿನೆಗರ್ ಹಾಕಿ ಅದನ್ನೇ ಮಾಡಿ. ಹುಳಿಗೆ ಗಂಟು ಬಿಚ್ಚಿ ನಿಧಾನಕ್ಕೆ ಎಣ್ಣೆ ಮೇಲೆ ಬರಬೇಕು. ಎರಡರಲ್ಲೂ ಏನೂ ತೇಲದೆ ತಳದಲ್ಲಿ ಬಿಳಿ ಗಸಿ ಮಾತ್ರ ನಿಂತರೆ ಕಲಬೆರಕೆಯ ಅನುಮಾನ ಪಡಿ. ಕಾಳಿನಂಥ ಗಟ್ಟಿ ಫ್ಯಾಟಿಗೆ ಈ ಪರೀಕ್ಷೆ ಹಿಡಿಯಲ್ಲ, ಅದು ಕುದಿಯೋ ನೀರಿಗೆ ಕರಗೇ ಕರಗುತ್ತೆ.

ಮೇವುಗಾರ
ನಮ್ಮ ಮನೆಯಾಕೆ ಲೋಟ ಕೊಡಲ್ಲ ಅಂತಿದ್ದಾಳೆ.

ಕೊಟ್ಟಿಗೆ ಕಿಟ್ಟಿ
24 ದಿನ ಆಯ್ತು, ಸುದ್ದಿ ಹೇಳ್ತೀನಿ. ಮೊದಲ ನಾಲ್ಕು ದಿನ 24ರಿಂದ 21ಕ್ಕೆ ಇಳೀತು. ನಮ್ಮಪ್ಪ ದಿನಾ ಬೈದರು, ಫೋನ್ ನೋಡ್ಕೊಂಡು ಹಸು ಸಾಕ್ತೀಯಾ ಅಂತ. ಆರನೇ ದಿನ ಸಗಣಿ ಗಟ್ಟಿಯಾಯ್ತು. ಎಂಟನೇ ದಿನ ಮಧ್ಯಾಹ್ನ ಹೋಗಿ ನೋಡ್ತೀನಿ, ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕ್ತಾ ಮಲಗಿದೆ. ಒಂದು ತುತ್ತಿಗೆ ಎಷ್ಟು ಸಲ ಅಗಿಯುತ್ತೆ ಅಂತ ಎಣಿಸಿದೆ, 58 ಬಂತು.

ಹನ್ನೆರಡನೇ ದಿನದಿಂದ ಫ್ಯಾಟ್ ಸ್ವಲ್ಪ ಸ್ವಲ್ಪವೇ ಏರಿಸಿದೆ, ಈಗ 150. ಗೋದಲಿಯಲ್ಲಿ ಏನೂ ಉಳಿಸ್ತಾ ಇಲ್ಲ, ಹಸಿಮೇವು 28 ಕೆಜಿವರೆಗೂ ತಿನ್ನುತ್ತೆ. ಹಾಲು ಇವತ್ತು 23.5, ಡಿಗ್ರಿ 3.8. ಪಕ್ಕೆಲುಬು ಇನ್ನೂ ಕಾಣ್ತಾವೆ, ಆದರೆ ಮೊದಲಿಗಿಂತ ಜಾಸ್ತಿಯಾಗಿಲ್ಲ. ಬೆದೆ ಇನ್ನೂ ಕಂಡಿಲ್ಲ.

ಲೆಕ್ಕದ ಪುಸ್ತಕ
ಒಳ್ಳೇದಾಯ್ತು. ಆದರೆ ಡಿಗ್ರಿ ಏರಿದ್ದು ಹುಲ್ಲಿಗೋ ಫ್ಯಾಟಿಗೋ? ಫ್ಯಾಟ್ ಶುರು ಮಾಡೋ ಹಿಂದಿನ ದಿನ ಎಷ್ಟಿತ್ತು?

ಕೊಟ್ಟಿಗೆ ಕಿಟ್ಟಿ
3.6 ಇತ್ತು.

ಲೆಕ್ಕದ ಪುಸ್ತಕ
ಹಾಗಾದರೆ ಹೆಚ್ಚಿನ ಪಾಲು ಹುಲ್ಲಿನದ್ದೇ. ಫ್ಯಾಟಿನದ್ದು 0.2, ಅದೂ ಫ್ಯಾಟಿನದ್ದೇ ಅಂತ ಹೇಳೋಕಾಗಲ್ಲ. ಹತ್ತು ದಿನ ಬಿಟ್ಟು ನೋಡಿ.

ಗುಡ್ಡದ ಗೌಡ
ಬೇಡ ಕಿಟ್ಟಿ, ಬಿಡಬೇಡ. ಬೆದೆಗೆ ಬರೋವರೆಗಾದರೂ ಹಾಕು.

ನಾಲ್ಕು ಹೊಟ್ಟೆ
ಈ ಸಲ ಗೌಡರ ಪಕ್ಷ ನಾನು. ಇನ್ನೂ 62 ದಿನವಷ್ಟೇ, ಮೈ ಇಳಿಯೋದು ಈಗ ತಾನೇ ನಿಂತಿದೆ. 100 ದಿನದವರೆಗೆ ಹಾಕಿ, ಆಮೇಲೆ ಲೆಕ್ಕದ ಪುಸ್ತಕದವರ ಪರೀಕ್ಷೆ ಮಾಡಿ.

ಕೊಟ್ಟಿಗೆ ಕಿಟ್ಟಿ
ಸರಿ ಸರ್. ಇನ್ನೊಂದು ಹಸು ಮುಂದಿನ ತಿಂಗಳು ಕರು ಹಾಕುತ್ತೆ. ಅದಕ್ಕೆ ಕರು ಹಾಕೋ ಮೊದಲೇ ಫ್ಯಾಟ್ ಶುರು ಮಾಡಲಾ?

ನಾಲ್ಕು ಹೊಟ್ಟೆ
ನಾನು ಹತ್ತು ದಿನ ಮೊದಲಿಂದ 50 ಗ್ರಾಂ ರುಚಿ ಹಿಡಿಸ್ತೀನಿ.

ಡಾಕ್ಟರಮ್ಮ
ನಾನು ಹಿಡಿಸಲ್ಲ. ಅದು ಸುಣ್ಣ ಕಟ್ಟಿದ್ದು, ಹಾಲುಜ್ವರ ಬಂದ ಚರಿತ್ರೆ ಇರೋ ಹಸುವಿಗೆ ಕರು ಹಾಕೋ ಮೊದಲು ಹೆಚ್ಚುವರಿ ಕ್ಯಾಲ್ಸಿಯಂ ಯಾಕೆ?

ನಾಲ್ಕು ಹೊಟ್ಟೆ
50 ಗ್ರಾಮಿನಲ್ಲಿ ಕ್ಯಾಲ್ಸಿಯಂ ನಾಲ್ಕೂವರೆ ಗ್ರಾಮೂ ಬರಲ್ಲ ಮೇಡಂ.

ಡಾಕ್ಟರಮ್ಮ
ಕಿಟ್ಟಿ ಅವರು ಮೊದಲ ದಿನವೇ 200 ಹಾಕಿದೋರು, 50ಕ್ಕೆ ನಿಲ್ಲಿಸ್ತಾರೆ ಅಂತ ಯಾರು ಹೇಳಿದ್ದು? ಕಿಟ್ಟಿ, ಆ ಹಸುವಿಗೆ ಹಿಂದೆ ಹಾಲುಜ್ವರ ಬಂದಿತ್ತಾ?

ಕೊಟ್ಟಿಗೆ ಕಿಟ್ಟಿ
ಎರಡನೇ ಸೂಲಿನಲ್ಲಿ ಬಂದಿತ್ತು ಮೇಡಂ.

ಡಾಕ್ಟರಮ್ಮ
ಹಾಗಾದರೆ ಆ ಚೀಲ ಕರು ಹಾಕೋವರೆಗೂ ಅಟ್ಟದ ಮೇಲಿರಲಿ.